ಲಾಂಡ್ರಿ ಮಷೀನು: ಲೀಸಾ, ಸ್ವಂತದ್ದಾ?

ಮೊದಲೇ ಹೇಳಿಬಿಡುತ್ತೇನೆ, ಈ ಸಲ ನಾವು ಕೊಂಡೆವು. ಐದು ವರ್ಷದ ಹಿಂದೆ ಲೀಸ್ ತಗೊಂಡಿದ್ದೆವು. ಆಗ ಮಾಡಿದ ತಪ್ಪು ಒಂದೇ ಒಂದು ಸಂಖ್ಯೆಯಲ್ಲಿತ್ತು.

ಮೈಸೂರಿನಲ್ಲಿ ನನ್ನದೂ ಭಾವನದೂ ಸೇರಿ ಒಂದು ಪಾರ್ಟ್ನರ್‌ಶಿಪ್ ಫರ್ಮ್ ಇದೆ. ಹೋಟೆಲುಗಳ ಬೆಡ್‌ಶೀಟು, ಟವೆಲ್ಲು ಒಗೆದು ಕೊಡುತ್ತೇವೆ. ಈಗ ಬೇಕಾಗಿದ್ದದ್ದು ಒಗೆಯುವ ದೊಡ್ಡ ಮಷೀನು ಮತ್ತು ಡ್ರೈಯರ್. ಎರಡೂ ಸೇರಿ 20 ಲಕ್ಷ. ಜಿಎಸ್‌ಟಿ ಕ್ರೆಡಿಟ್ ಎರಡು ದಾರಿಯಲ್ಲೂ ಸಿಗುವುದರಿಂದ ಅದನ್ನು ಲೆಕ್ಕದಿಂದ ಬಿಟ್ಟೆ. ಬ್ಯಾಂಕ್ ಸಾಲ ಶೇ. 10.9ಕ್ಕೆ. ಲೀಸ್ ಕಂಪನಿ ಕೇಳಿದ್ದು ತಿಂಗಳಿಗೆ 37,500, ಐದು ವರ್ಷ, ಆಮೇಲೆ ಮಷೀನು ವಾಪಸ್. ರಿಪೇರಿ, ಇನ್ಶೂರೆನ್ಸ್ ಎರಡು ದಾರಿಯಲ್ಲೂ ನಮ್ಮದೇ.

ಈಗ ಆ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ.

ಲೀಸಿನ ಬಾಡಿಗೆ ಪೂರ್ತಿ ವ್ಯಾಪಾರದ ಖರ್ಚು. ನಮ್ಮಂಥ ಫರ್ಮಿಗೆ ತೆರಿಗೆ ಶೇ. 30, ಅದರ ಮೇಲೆ ಶೇ. 4 ಸೆಸ್, ಒಟ್ಟು 31.2. ಅಂದರೆ ವರ್ಷಕ್ಕೆ 4,50,000 ಬಾಡಿಗೆ ಕಟ್ಟಿದರೂ ತೆರಿಗೆ ಉಳಿತಾಯ ಕಳೆದು ಕೈಯಿಂದ ಹೋಗುವುದು 3,09,600. ಇಷ್ಟನ್ನು ಹಿಂದಿನ ಸಲವೂ ಸರಿಯಾಗಿಯೇ ಮಾಡಿದ್ದೆ. ಆಮೇಲೆ ಮುಂದಿನ ವರ್ಷಗಳ ಹಣವನ್ನು ಇವತ್ತಿನ ಬೆಲೆಗೆ ಇಳಿಸಬೇಕಲ್ಲ, ಅಲ್ಲಿ ಬ್ಯಾಂಕ್ ಹೇಳಿದ ಬಡ್ಡಿಯನ್ನೇ ಹಾಗೇ ಹಾಕಿದ್ದೆ. ಸಾಲದ ಬಡ್ಡಿ ಅದೇ ತಾನೇ ಅಂದುಕೊಂಡೆ. ಸಹಿ ಹಾಕಿ ಕೆಲವು ತಿಂಗಳಾದ ಮೇಲೆ ನಮ್ಮ ಆಡಿಟರ್ ಆ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಬಾಡಿಗೆಗೆ ತೆರಿಗೆ ಕಳೆದಿದ್ದೀರಿ. ಬಡ್ಡಿಗೆ ಯಾಕೆ ಕಳೆದಿಲ್ಲ ಸರ್?"

ಸಾಲದ ಬಡ್ಡಿಯೂ ಖರ್ಚೇ. 100 ರೂಪಾಯಿ ಬಡ್ಡಿ ಕಟ್ಟಿದರೆ 31 ರೂಪಾಯಿ 20 ಪೈಸೆ ತೆರಿಗೆಯಲ್ಲಿ ಉಳಿಯುತ್ತದೆ. ಹಾಗಾಗಿ 10.9ರ ಸಾಲ ನಮಗೆ ನಿಜವಾಗಿ ಬೀಳುವುದು 10.9ನ್ನು 0.688ರಿಂದ ಗುಣಿಸಿದಷ್ಟು, ಅಂದರೆ ಶೇ. 7.5. ತೆರಿಗೆ ಕಳೆದ ಹಣಕ್ಕೆ ತೆರಿಗೆ ಕಳೆದ ದರವನ್ನೇ ಹಾಕಬೇಕು.

ಇದು ಸುಮ್ನೆ ಪುಸ್ತಕದ ನಿಯಮ ಅಲ್ಲ. ನಾನೇ ಹೀಗೆ ಪರೀಕ್ಷೆ ಮಾಡಿ ನೋಡಿದೆ. ಲೀಸ್ ಬೇಡ, ವರ್ಷಕ್ಕೆ ಕೈಯಿಂದ ಹೋಗುವ ಆ 3,09,600 ರೂಪಾಯಿಯಲ್ಲೇ ಒಂದು ಸಾಲ ತೀರಿಸುತ್ತೇನೆ ಅಂದುಕೊಳ್ಳಿ. ಐದು ವರ್ಷದಲ್ಲಿ ಎಷ್ಟು ದೊಡ್ಡ ಸಾಲ ತೀರುತ್ತದೆ? 7.5ರಲ್ಲಿ ಲೆಕ್ಕ ಹಾಕಿದರೆ ಸುಮಾರು 12,52,600. ಮೊದಲ ವರ್ಷ ಅದರ ಮೇಲೆ 10.9ರಂತೆ ಬಡ್ಡಿ 1,36,500. ತೆರಿಗೆಯಲ್ಲಿ 42,600 ವಾಪಸ್. ನಿಜವಾದ ಬಡ್ಡಿ 93,900. ಉಳಿದ 2,15,700 ಅಸಲಿಗೆ ಹೋಗುತ್ತದೆ. ಹೀಗೇ ಮುಂದುವರಿಸಿದರೆ ಐದನೇ ವರ್ಷದ ಕೊನೆಗೆ ಸಾಲ ಸೊನ್ನೆ. ಅಂದರೆ ಲೀಸಿಗೆ ಸಹಿ ಹಾಕುವುದೂ ಇವತ್ತು ಹನ್ನೆರಡೂವರೆ ಲಕ್ಷ ಸಾಲ ತಲೆಮೇಲೆ ಹೊತ್ತುಕೊಳ್ಳುವುದೂ ಒಂದೇ. 10.9 ಹಾಕಿದರೆ ಇದೇ ಬಾಡಿಗೆ 11,47,000 ಅಂತ ತೋರಿಸುತ್ತದೆ. ಒಂದು ಲಕ್ಷಕ್ಕಿಂತ ಜಾಸ್ತಿ ಹೊರೆ ಕಣ್ಣಿಗೇ ಬೀಳುವುದಿಲ್ಲ.

ಕೊಳ್ಳುವ ಕಡೆಯ ಲೆಕ್ಕ ಹೀಗಿದೆ. ಇವತ್ತು 20 ಲಕ್ಷ ಹೊರಗೆ. ಸವಕಳಿ ಶೇ. 15, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಮೊದಲ ವರ್ಷ 3 ಲಕ್ಷ, ಅದರಿಂದ ಉಳಿಯುವ ತೆರಿಗೆ 93,600. ಎರಡನೇ ವರ್ಷ 79,560. ಹೀಗೆ ಇಳಿಯುತ್ತಾ ಐದನೇ ವರ್ಷಕ್ಕೆ 48,860. ಐದನ್ನೂ 7.5ರಲ್ಲಿ ಇವತ್ತಿಗೆ ತಂದರೆ 2,87,400. ಐದು ವರ್ಷದ ಮೇಲೆ ಮಾರಿದರೆ 7 ಲಕ್ಷ ಬರುತ್ತದೆ ಅಂತ ಇಟ್ಟುಕೊಂಡೆ. ಅದರ ಇವತ್ತಿನ ಬೆಲೆ 4,87,600. ಆಗ ಲೆಕ್ಕದಲ್ಲಿ ಉಳಿದಿರುವ ಬೆಲೆ 8,87,000. ಮಾರಿದ ಹಣವನ್ನು ಅದರಿಂದ ಕಳೆಯುತ್ತಾರೆ. ತೆರಿಗೆ ಲೆಕ್ಕದಲ್ಲಿ ನಮ್ಮ ಮಷೀನುಗಳನ್ನೆಲ್ಲ ಒಂದೇ ಗುಂಪಾಗಿ ಹಿಡಿಯುತ್ತಾರೆ, ಅದಕ್ಕೆ ಬ್ಲಾಕ್ ಅಂತಾರೆ. ಮಿಕ್ಕ 1,87,000 ಆ ಬ್ಲಾಕಿನಲ್ಲೇ ಇದ್ದು ನಿಧಾನಕ್ಕೆ ಸವೆಯುತ್ತದೆ. ಅದರ ತೆರಿಗೆ ಲಾಭ ಇವತ್ತಿಗೆ 27,000 ಮಾತ್ರ. ಎಲ್ಲ ಕಳೆದರೆ ಕೊಳ್ಳುವ ನಿಜವಾದ ಖರ್ಚು 11,98,000.

ಲೀಸು 12,52,600, ಸ್ವಂತ 11,98,000. ಸುಮಾರು 55,000 ಸ್ವಂತದ ಕಡೆಗೆ. ಬಾಡಿಗೆಯನ್ನು ವರ್ಷದ ಕೊನೆಗೆ ಕಟ್ಟಿದಂತೆ ಹಿಡಿದಿದ್ದೇನೆ. ನಿಜಕ್ಕೂ ತಿಂಗಳು ತಿಂಗಳು ಕಟ್ಟುವುದರಿಂದ ಲೀಸು ಇನ್ನೂ ಸ್ವಲ್ಪ ದುಬಾರಿಯೇ.

ಈಗ ಎರಡೂ ಕಡೆ 10.9 ಹಾಕಿ ನೋಡಿ. ಲೀಸು 11,47,000, ಸ್ವಂತ 12,97,000. ತೀರ್ಪೇ ತಿರುಗಿಬಿಟ್ಟಿತು. ಲೀಸಿನಲ್ಲಿ ಕೊಡುವ ಹಣವೆಲ್ಲ ಮುಂದಿದೆ, ಜಾಸ್ತಿ ದರ ಅದನ್ನು ಸಣ್ಣದು ಮಾಡುತ್ತದೆ. ಸ್ವಂತದಲ್ಲಿ ಕೊಡುವುದು ಇವತ್ತೇ, ಅದು ಕರಗುವುದಿಲ್ಲ. ಮುಂದೆ ಬರುವ ತೆರಿಗೆ ಉಳಿತಾಯವೂ ಮಾರಾಟದ ಹಣವೂ ಮಾತ್ರ ಕರಗುತ್ತವೆ. ಹಿಂದಿನ ಸಲ ನಮಗೆ ಆಗಿದ್ದು ಇದೇ.

ಭಾವ ಕೇಳಿದರು, "ಇದರಲ್ಲಿ ಇಎಂಐ ಎಲ್ಲಿ?" ಇಎಂಐ ಸೇರಿಸಬಾರದು. ಸಾಲದ ಕಂತುಗಳನ್ನು ತೆರಿಗೆ ಕಳೆದು 7.5ರಲ್ಲಿ ಇವತ್ತಿಗೆ ತಂದರೆ ಸರಿಯಾಗಿ ಸಾಲದ ಮೊತ್ತವೇ ಬರುತ್ತದೆ. ಬಡ್ಡಿ ಆ ದರದ ಒಳಗೇ ಇದೆ. ಮತ್ತೆ ಸೇರಿಸಿದರೆ ಎರಡು ಸಲ ಎಣಿಸಿದ ಹಾಗೆ.

ನನಗೆ ಪೂರ್ತಿ ಧೈರ್ಯ ಇಲ್ಲದ ಜಾಗ ಆ 7 ಲಕ್ಷ. ಬಾಡಿಗೆ, ಸವಕಳಿ ಎರಡೂ ಬಹುಮಟ್ಟಿಗೆ ಗೊತ್ತಿರುವ ಹಣ. ಹಳೇ ಮಷೀನಿನ ಬೆಲೆ ಹಾಗಲ್ಲ. ಅದಕ್ಕೇ ಅದೊಂದಕ್ಕೆ ಹೆಚ್ಚಿನ ದರ ಹಾಕುವ ರೂಢಿಯಿದೆ. ಶೇ. 12 ಹಾಕಿದರೆ ಅದರ ಇವತ್ತಿನ ಬೆಲೆ 90,000 ಕಮ್ಮಿಯಾಗಿ ಲೀಸೇ ಮುಂದೆ ಬರುತ್ತದೆ. 7.5ರಲ್ಲೇ ಇಟ್ಟರೂ ಮಾರಾಟ 6 ಲಕ್ಷಕ್ಕಿಂತ ಕೆಳಗೆ ಹೋದರೆ ಸ್ವಂತದ ಲಾಭ ಮುಗಿಯಿತು. ಐದು ವರ್ಷಕ್ಕೆ ಮಷೀನು ಬದಲಾಯಿಸುವವರು ಇದನ್ನು ಗಟ್ಟಿಯಾಗಿ ಯೋಚಿಸಬೇಕು. ನಾವು ಬದಲಾಯಿಸುವವರಲ್ಲ. ನಮ್ಮ ಹಳೇ ಡ್ರೈಯರ್ ಹನ್ನೊಂದು ವರ್ಷದಿಂದ ಓಡುತ್ತಿದೆ, ಬೇರಿಂಗ್, ಬೆಲ್ಟ್ ಹಾಕಿಸಿದರೆ ಸಾಕು. ಆರನೇ ವರ್ಷ ಮಷೀನು ವಾಪಸ್ ಕೊಟ್ಟು ಮತ್ತೆ ಹೊಸ ಬಾಡಿಗೆ ಶುರು ಮಾಡುವುದು ನಮ್ಮ ಅಭ್ಯಾಸಕ್ಕೆ ಹೊಂದುವುದಿಲ್ಲ.

ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ಕೊಂಡರೆ ಆ ವರ್ಷ ಮಷೀನು ಓಡುವುದು 180 ದಿನಕ್ಕಿಂತ ಕಮ್ಮಿ, ಆಗ ಸವಕಳಿ ಅರ್ಧ. ನಾವು ಏಪ್ರಿಲ್‌ನಲ್ಲೇ ತಂದೆವು.

ವಹಿವಾಟಿನಲ್ಲಿ ಇಂತಿಷ್ಟು ಪಾಲು ಲಾಭ ಅಂತ ಅಂದಾಜು ಹಿಡಿದು, ಅಂದರೆ ಪ್ರಿಸಂಪ್ಟಿವ್ ಲೆಕ್ಕದಲ್ಲಿ, ತೆರಿಗೆ ಕಟ್ಟುವವರಿಗೆ ಈ ಸಂಖ್ಯೆ ಯಾವುದೂ ಹೊಂದುವುದಿಲ್ಲ. ಅವರಿಗೆ ಬಾಡಿಗೆಯಲ್ಲೂ ಸವಕಳಿಯಲ್ಲೂ ಬಡ್ಡಿಯಲ್ಲೂ ಬೇರೆ ತೆರಿಗೆ ಉಳಿತಾಯ ಇಲ್ಲ. ಹಾಗಾಗಿ ತೆರಿಗೆ ಕಳೆಯದ ಹಣ, 10.9ರ ದರ.

ಬಜೆಟ್ ಮಾತು. ಬ್ಯಾಂಕ್ ಕೊಟ್ಟಿದ್ದು 16 ಲಕ್ಷ, ಉಳಿದ 4 ಲಕ್ಷ ನಮ್ಮ ಕೈಯಿಂದ. ಆ 4 ಲಕ್ಷಕ್ಕೂ 7.5 ದರವೇ ಹಿಡಿದೆ. ಇಲ್ಲದಿದ್ದರೆ ಅದು ನಮ್ಮ ಓವರ್‌ಡ್ರಾಫ್ಟ್ ಖಾತೆಯಲ್ಲಿ ಬಿದ್ದು ಸುಮಾರು ಅದೇ ಬಡ್ಡಿಯನ್ನು ಉಳಿಸುತ್ತಿತ್ತು. ಆ ಹಣ ಇಲ್ಲದವರಿಗೆ 55,000 ಉಳಿಯುತ್ತದೆ ಅಂತ ಹೇಳಿ ಪ್ರಯೋಜನವಿಲ್ಲ, ಲೀಸೇ ದಾರಿ.

ಲೀಸ್ ಕಂಪನಿಯವರ ಹತ್ತಿರ ಈ ಸಲ ಚೌಕಾಸಿ ಮಾಡುವುದು ಸುಲಭವಾಯಿತು. ಎರಡೂ ಸಮ ಆಗುವ ಬಾಡಿಗೆ ತಿಂಗಳಿಗೆ ಸುಮಾರು 35,850 ಅಂತ ಗೊತ್ತಿತ್ತು. 35,000 ಕೇಳಿದೆ. ಅವರು 36,500ಕ್ಕೆ ನಿಂತರು. ಮಾರನೇ ದಿನ ಬ್ಯಾಂಕಿಗೆ ಹೋದೆವು.