ತುಕ್ಕು ಕಲಿಸಿದ ಪಾಠ: ಡೈರೆಕ್ಟ್ ಕೂಲರಾ, ಇನ್‌ಡೈರೆಕ್ಟಾ?

ನಮ್ಮ ವರ್ಕ್‌ಶಾಪ್ ಹಾಲ್ ತಣ್ಣಗಿಡಲು ಮೊದಲು ನಾವು ಹಾಕಿಸಿದ್ದು ಡೈರೆಕ್ಟ್ ಕೂಲರ್. ಒದ್ದೆ ಪ್ಯಾಡ್ ಮೂಲಕ ಗಾಳಿ ಎಳೆದು ಹಾಲ್‌ಗೆ ಬಿಡುವಂಥದ್ದು. ಹೊರಗೆ 40 ಡಿಗ್ರಿ, ವೆಟ್ ಬಲ್ಬ್ 21 ಇದ್ದ ಮಧ್ಯಾಹ್ನ ಒಳಗೆ 24 ಡಿಗ್ರಿ ಗಾಳಿ ಬಂತು. ವೆಟ್ ಬಲ್ಬ್ ಅಂದರೆ ನೀರು ಆವಿಯಾಗಿಸಿ ಆ ಗಾಳಿಯನ್ನು ಇಳಿಸಬಹುದಾದ ಕನಿಷ್ಠ ಉಷ್ಣಾಂಶ. ಎಲ್ಲರಿಗೂ ಖುಷಿ. ಮೂರನೇ ವಾರ ಗಾಳಿ ಬೀಳುವ ಕಡೆ ಇಟ್ಟಿದ್ದ ಲೇತ್ ಕೆಲಸದ ತುಂಡುಗಳ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿತು. ಆ ಗಾಳಿಯ ತೇವಾಂಶ 77 ಶೇಕಡಾ ಹತ್ತಿರ ಇತ್ತು. ಪ್ರತಿ ಕಿಲೋ ಗಾಳಿಗೆ ಸುಮಾರು 6.7 ಗ್ರಾಂ ನೀರನ್ನು ನಾವೇ ಸೇರಿಸುತ್ತಿದ್ದೆವು. ತಪ್ಪು ಕೂಲರಿನದಲ್ಲ, ಆಯ್ಕೆಯದು.

ಆಮೇಲೆ ತಂದದ್ದು ಇನ್‌ಡೈರೆಕ್ಟ್. ಈಗ ಇದನ್ನೇ ಮೆಚ್ಚಿಕೊಂಡಿದ್ದೇನೆ, ಮುಚ್ಚಿಡುವುದಿಲ್ಲ. ತೆಳು ಪ್ಲೇಟುಗಳ ಒಂದು ಬದಿಯಲ್ಲಿ ನೀರು ಚಿಮ್ಮುತ್ತದೆ, ಅಲ್ಲಿ ಒಂದು ಗಾಳಿ ಹೋಗುತ್ತದೆ. ಇನ್ನೊಂದು ಬದಿಯಲ್ಲಿ ಹಾಲ್‌ಗೆ ಬರುವ ಗಾಳಿ ನೀರು ಮುಟ್ಟದೆಯೇ ತಣ್ಣಗಾಗುತ್ತದೆ. ಅದೇ ಮಧ್ಯಾಹ್ನದ ಲೆಕ್ಕದಲ್ಲಿ, ದಕ್ಷತೆ, ಅಂದರೆ ವೆಟ್ ಬಲ್ಬ್‌ವರೆಗಿನ ಇಳಿಕೆಯಲ್ಲಿ ನಿಜಕ್ಕೂ ಸಿಗುವ ಪಾಲು, 65 ಶೇಕಡಾ ಆದರೆ, 27.6 ಡಿಗ್ರಿ ಸಿಗುತ್ತದೆ. ತೇವಾಂಶ 34 ಶೇಕಡಾ ಮಾತ್ರ. ಮೂರೂವರೆ ಡಿಗ್ರಿ ಬಿಟ್ಟುಕೊಟ್ಟು ತುಕ್ಕು ತಪ್ಪಿಸಿದೆ ಅಂತ ಇಟ್ಟುಕೊಳ್ಳಿ.

ಆದರೆ ಒದ್ದೆ ಬದಿಗೆ ಯಾವ ಗಾಳಿ ಕೊಡಬೇಕು ಅನ್ನುವುದರಲ್ಲೇ ಮಜಾ ಇದೆ. ಮೊದಲು ಹೊರಗಿನ ಗಾಳಿಯನ್ನೇ ಕೊಟ್ಟಿದ್ದೆವು. ಆಗ ಮಿತಿ ಅದರ ವೆಟ್ ಬಲ್ಬ್, ಅಂದರೆ 21. ನಂತರ ಹಾಲ್‌ನಿಂದ ಹೊರಹಾಕುವ ಗಾಳಿಗೇ ಡಕ್ಟ್ ಹಾಕಿ ತಂದೆವು. ಅದು 33 ಡಿಗ್ರಿ, ಆದರೆ ಅದಕ್ಕೆ ಹೊಸ ತೇವ ಸೇರಿಲ್ಲವಲ್ಲ, ಹಾಗಾಗಿ ಅದರ ವೆಟ್ ಬಲ್ಬ್ ಸುಮಾರು 18.8. ಹೊರಗಿನದಕ್ಕಿಂತ ಎರಡು ಡಿಗ್ರಿ ಕಡಿಮೆ! ಒಳಬರುವ ಗಾಳಿ 26ಕ್ಕೆ ಇಳಿಯಿತು. ಹಾಲ್‌ನಲ್ಲಿ ಎಣ್ಣೆ ಮಂಜು ಇದ್ದರೆ ಈ ಡಕ್ಟ್‌ಗೆ ಫಿಲ್ಟರ್ ಬೇಕೇ ಬೇಕು.

ಈಗ ನೀರು, ನನ್ನ ತಲೆ ತಿಂದ ವಿಷಯ. ನಮ್ಮದು ಸೆಕೆಂಡಿಗೆ 12 ಕಿಲೋ ಗಾಳಿ. ಡೈರೆಕ್ಟ್‌ನಲ್ಲಿ ಗಂಟೆಗೆ ಸುಮಾರು 290 ಲೀಟರ್ ಆವಿಯಾಗುತ್ತಿತ್ತು. ಇನ್‌ಡೈರೆಕ್ಟ್‌ನಲ್ಲಿ ಹೊರಗಾಳಿ ಕೊಟ್ಟಾಗ 450ರ ಆಸುಪಾಸು, ಹಾಲ್ ಗಾಳಿ ಕೊಟ್ಟಾಗ 375. ಆವಿಯಾಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಹೊರಬಿಡಬೇಕು. ಅದು ಬ್ಲೀಡ್. ಉಪ್ಪು ಮೂರು ಪಟ್ಟು ಆಗಲು ಬಿಟ್ಟರೆ ಆವಿಯ ಅರ್ಧದಷ್ಟು ನೀರು, ಅಂದರೆ 190 ಲೀಟರ್ ಚರಂಡಿಗೆ. ಎರಡೇ ಪಟ್ಟು ಸಾಕು ಅಂದರೆ ಪೂರ್ತಿ 375.

ನಮ್ಮಲ್ಲಿ ಆ ಬ್ಲೀಡ್ ವಾಲ್ವ್‌ಗೆ ಟೈಮರ್ ಇತ್ತು. ನೀರು ಸುಮ್ನೆ ಹರಿದು ಹೋಗುತ್ತಿದೆ ಅಂತ ಯಾರೋ ಕೈ ವಾಲ್ವ್ ಮುಚ್ಚಿದ್ದರು. ಪಾಪ, ಉಳಿತಾಯದ ಆಸೆ. ಎರಡು ತಿಂಗಳಲ್ಲಿ ಅದೇ ಥರದ ಮಧ್ಯಾಹ್ನ 26ರ ಬದಲು 29.5 ಬರತೊಡಗಿತು. ನಾನು ಮೊದಲು ಫ್ಯಾನ್ ಬೆಲ್ಟ್ ನೋಡಿದೆ, ಆಮೇಲೆ ಪಂಪ್. ಎರಡೂ ಸರಿ ಇದ್ದವು. ಕೊನೆಗೆ ದಕ್ಷತೆ ε ಲೆಕ್ಕ ಹಾಕಿದೆ:

```
ε = (T1 - T2) / (T1 - Twb)
```

T1 ಹೊರಗಿನ ಉಷ್ಣಾಂಶ, T2 ಒಳಬರುವ ಗಾಳಿಯದು. Twb ಒದ್ದೆ ಬದಿಗೆ ಹೋಗುವ ಗಾಳಿಯ ವೆಟ್ ಬಲ್ಬ್. ಹಾಲ್ ಕೂಡ ಬಿಸಿಯಾಗಿದ್ದರಿಂದ ಅದು 20ರ ಹತ್ತಿರ ಇತ್ತು. ದಕ್ಷತೆ 65ರಿಂದ 52ಕ್ಕೆ ಬಿದ್ದಿತ್ತು. ಹಿಂದಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ ಪ್ಲೇಟುಗಳ ಮೇಲೆ ಬಿಳಿ ಸುಣ್ಣದ ಪದರ. ಕೆಲವು ನಾಜಲ್ ಕಟ್ಟಿಹೋಗಿದ್ದವು, ಅವುಗಳ ಕೆಳಗೆ ಒಣ ಪಟ್ಟಿಗಳು. ಡೈರೆಕ್ಟ್‌ನಲ್ಲಾದರೆ ಪ್ಯಾಡ್ ಬದಲಿಸಿ ಮುಗಿಸಬಹುದಿತ್ತು. ಇಲ್ಲಿ ಪ್ಲೇಟು ಬಿಚ್ಚಲು ಬರುವುದಿಲ್ಲ. ನಮ್ಮವು ಪ್ಲಾಸ್ಟಿಕ್ ಆಗಿದ್ದರಿಂದ ಸಿಟ್ರಿಕ್ ಆಸಿಡ್ ನೀರು ಮೂರು ಸಲ ಸುತ್ತಾಡಿಸಿ ತೊಳೆದೆವು. ಅಲ್ಯೂಮಿನಿಯಂ ಆದರೆ ತಯಾರಕರನ್ನು ಕೇಳದೆ ಆಸಿಡ್ ಹಾಕಬೇಡಿ.

ಈಗ ಟೈಮರ್ ತೆಗೆದು ನೀರಿನ ವಾಹಕತೆ ಅಳೆಯುವ ಕಂಟ್ರೋಲರ್ ಹಾಕಿದ್ದೇವೆ. ಬರುವ ನೀರಿನದಕ್ಕಿಂತ ಮೂರು ಪಟ್ಟು ಆದಾಗ ತಾನೇ ವಾಲ್ವ್ ತೆರೆಯುತ್ತದೆ. ಕೈ ವಾಲ್ವ್‌ನ ಹಿಡಿಕೆ ಬಿಚ್ಚಿ ನನ್ನ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಕರೆಂಟ್: ಎರಡು ಫ್ಯಾನ್, ಹಾಗಾಗಿ ಡೈರೆಕ್ಟ್‌ಗಿಂತ ಜಾಸ್ತಿ.

ಎರಡು ಹಂತದ್ದೂ ಇದೆ, ಇನ್‌ಡೈರೆಕ್ಟ್ ಆದ ಮೇಲೆ ಪ್ಯಾಡ್. ಲೆಕ್ಕದಲ್ಲಿ 18.6 ಡಿಗ್ರಿ, ಹೊರಗಿನ ವೆಟ್ ಬಲ್ಬ್‌ಗಿಂತಲೂ ಕೆಳಗೆ. ತೇವ ತೊಂದರೆ ಕೊಡದ ಹಾಲ್‌ಗೆ ಅದೇ ಒಳ್ಳೆಯದು. ನಮಗೆ ತುಕ್ಕಿನ ಭಯ.

ಯಾವುದೇ ತೆಗೆದುಕೊಂಡರೂ ಮಳೆಯ ಹೊತ್ತಿಗೆ ಆಟ ಮುಗಿಯುತ್ತದೆ. 34 ಡಿಗ್ರಿ, ವೆಟ್ ಬಲ್ಬ್ 26 ಆದ ದಿನ ನನ್ನ ಇನ್‌ಡೈರೆಕ್ಟ್ 29ಕ್ಕೆ ನಿಲ್ಲುತ್ತದೆ. ಅಂಥ ದಿನ ಜಾಸ್ತಿ ಇರುವ ಕಡೆ ಇದಕ್ಕೆ ದುಡ್ಡು ಹಾಕಬೇಡಿ. ಒಣ ಹವೆ ಇದ್ದು, ಒಂದು ಶಿಫ್ಟ್‌ಗೆ ಬ್ಲೀಡ್ ಸೇರಿ ಡೈರೆಕ್ಟ್‌ಗಿಂತ ಸುಮಾರು ಸಾವಿರ ಲೀಟರ್ ನೀರು ಹೆಚ್ಚು ಕೊಡಬಲ್ಲಿರಾದರೆ, ತಿಂಗಳಿಗೊಮ್ಮೆ ಆ ε ಬರೆದಿಡುವ ಅಭ್ಯಾಸವೂ ಇದ್ದರೆ, ಇನ್‌ಡೈರೆಕ್ಟ್ ತೆಗೆದುಕೊಳ್ಳಿ. ಬರೆದಿಡುವವರು ಯಾರೂ ಇಲ್ಲವಾ? ಪ್ಯಾಡ್ ಕೂಲರೇ ಇರಲಿ, ತುಂಡುಗಳಿಗೆ ಎಣ್ಣೆ ಹಚ್ಚಿ.