‘ತೇವ ಆದ್ರೂ ಪರವಾಗಿಲ್ಲ’ ಅಂದ ಬಾಂಡ್ ಬಾಟಲಿ: ಎರಡು ಮಳೆಗಾಲ ಬಳಸಿದ ಮೇಲೆ

ಹುಳುಕು ಹಲ್ಲಿಗೆ ತುಂಬೋ ಕಾಂಪೋಸಿಟ್ ಸಿಮೆಂಟನ್ನು ಹಲ್ಲಿಗೆ ಅಂಟಿಸೋ ದ್ರವವೇ ಬಾಂಡ್. ಈ ಬಾಟಲಿ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟೆಲ್ಲ ಅದರ ಜೊತೆ ಬಂದ ಮಾತಿನ ಮೇಲೆ. ರಾಜಾಜಿನಗರದ ನಮ್ಮ ಕ್ಲಿನಿಕ್ಕಿಗೆ ಇದನ್ನು ತೋರಿಸೋಕೆ ಬಂದ ಕಂಪನಿಯ ಹುಡುಗ, "ಮೇಡಂ, ಇದಕ್ಕೆ ತೇವ ಆದ್ರೂ ಪರವಾಗಿಲ್ಲ, ರಬ್ಬರ್ ಡ್ಯಾಮ್ ಎಲ್ಲ ಯಾಕೆ, ಹತ್ತಿ ಇಟ್ರೆ ಸಾಕು" ಅಂದಿದ್ದ. ಡ್ಯಾಮ್ ಅಂದರೆ ಹಲ್ಲಿಗೆ ಜೊಲ್ಲು ತಾಗದಂತೆ ಅದರ ಸುತ್ತ ಹಾಕೋ ರಬ್ಬರ್ ಹಾಳೆ. ಈ ಮಾತು ನಂಬಿ ಎಷ್ಟು ಜನ ಡ್ಯಾಮ್ ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿದ್ದಾರೋ ಗೊತ್ತಿಲ್ಲ.

ಇದು ಒಂದೇ ಬಾಟಲಿಯ ಯೂನಿವರ್ಸಲ್ ಬಾಂಡ್. ಹಲ್ಲಿಗೆ ಅಂಟಿಕೊಳ್ಳೋ ಎಂಡಿಪಿ ಅನ್ನೋ ಆಮ್ಲೀಯ ಅಂಶ ಇದೆ, ದ್ರಾವಕ ಎಥನಾಲ್ ಮತ್ತು ನೀರು. ಉಳಿದದ್ದು ಡಬ್ಬಿ ಮೇಲೇ ಇದೆ, ಓದಿಕೊಳ್ಳಿ.

ಇಷ್ಟ ಆಗಿದ್ದು ಏನು ಅಂದರೆ, ಹಲ್ಲಿನ ಒಳಪದರವಾದ ಡೆಂಟಿನ್ ಎಷ್ಟು ಒದ್ದೆ ಇರಬೇಕು ಅನ್ನೋ ತಲೆನೋವು ಕಡಿಮೆಯಾಯಿತು. ಹಳೆ ಪದ್ಧತಿಯಲ್ಲಿ ಇಡೀ ಕುಳಿಗೆ 37% ಫಾಸ್ಫಾರಿಕ್ ಆಸಿಡ್ ಜೆಲ್ ಹಾಕಿ ತೊಳೆಯುತ್ತಿದ್ದೆವು. ಆಸಿಡ್ ಡೆಂಟಿನ್‌ನ ಖನಿಜ ಕರಗಿಸಿ ಕೊಲಾಜನ್ ಎಳೆಗಳನ್ನು ಬರಿದಾಗಿಸುತ್ತದೆ. ಆಮೇಲೆ ಗಾಳಿ ಜಾಸ್ತಿ ಊದಿದರೆ ಆ ಎಳೆಗಳು ಆರಿದ ಶ್ಯಾವಿಗೆ ಹಾಗೆ ಒಂದಕ್ಕೊಂದು ಅಂಟಿ ಕುಸಿಯುತ್ತವೆ, ಬಾಂಡ್ ಒಳಗೆ ಇಳಿಯೋಕೆ ಜಾಗವೇ ಇರಲ್ಲ. ರಾತ್ರಿ ಫೋನ್ ಬರುತ್ತಿತ್ತು, "ಡಾಕ್ಟ್ರೇ, ಕಚ್ಚಿದ್ರೆ ಜುಮ್ ಅನ್ನುತ್ತೆ" ಅಂತ. ಈಗ ನಾನು ಜೆಲ್ಲನ್ನು ಹಲ್ಲಿನ ಹೊರಪದರದ, ಅಂದರೆ ಎನಾಮೆಲ್‌ನ ಅಂಚಿಗೆ ಮಾತ್ರ 15 ಸೆಕೆಂಡು ಹಾಕುತ್ತೇನೆ. ಡೆಂಟಿನ್ ಕೆಲಸವನ್ನು ಬಾಂಡೇ ನೋಡಿಕೊಳ್ಳುತ್ತದೆ. ಅದು ಸೌಮ್ಯ ಆಮ್ಲ, ಖನಿಜವನ್ನೆಲ್ಲ ತೆಗೆಯಲ್ಲ, ಉಳಿದ ಕ್ಯಾಲ್ಸಿಯಂ ಜೊತೆ ಎಂಡಿಪಿ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಜುಮ್ ಅನ್ನೋ ಫೋನು ತುಂಬ ಕಮ್ಮಿಯಾಯಿತು. ಎನಾಮೆಲ್‌ಗೆ ಮಾತ್ರ ಈ ಸೌಮ್ಯ ಆಮ್ಲ ಸಾಲದು. 1955ರಲ್ಲಿ ದಂತವೈದ್ಯ ಬ್ಯೂನೊಕೋರ್ ತೋರಿಸಿಕೊಟ್ಟ ಫಾಸ್ಫಾರಿಕ್ ಆಸಿಡ್ ಅಲ್ಲಿ ಇವತ್ತಿಗೂ ಬೇಕೇ ಬೇಕು.

ಇನ್ನು ತೇವದ ವಿಷಯ. ಇದು ಸಹಿಸೋದು ಡೆಂಟಿನ್ ಮೇಲೆ ತೆಳುವಾಗಿ ಉಳಿದ ಶುದ್ಧ ನೀರನ್ನು, ಅದೂ ಒಂದು ಮಿತಿಯವರೆಗೆ. ಜೊಲ್ಲನ್ನಲ್ಲ, ವಸಡಿನ ಸಂದಿಯಿಂದ ಒಸರೋ ದ್ರವವನ್ನಲ್ಲ, ರಕ್ತವನ್ನಂತೂ ಅಲ್ಲವೇ ಅಲ್ಲ. ಆಸಿಡ್ ಜೆಲ್‌ನಿಂದ ಒರಟಾದ ಎನಾಮೆಲ್ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕೇ ಬಾಂಡ್ ಅಷ್ಟು ಚೆನ್ನಾಗಿ ಹಿಡಿಯೋದು, ಅದಕ್ಕೇ ಜೊಲ್ಲಿನ ಪ್ರೋಟೀನ್ ಕೂಡ ಕೆಲವೇ ಸೆಕೆಂಡಿನಲ್ಲಿ ಪೊರೆಯಾಗಿ ಕೂತುಬಿಡೋದು. ಸುಮ್ನೆ ನೀರು ಹೊಡೆದರೆ ಆ ಪೊರೆ ಪೂರ್ತಿ ಹೋಗಲ್ಲ.

ಒಂದು ಕೇಸ್ ಹೇಳುತ್ತೇನೆ. ಬೇರೆ ಕಡೆ ಸಿಮೆಂಟ್ ಹಾಕಿಸಿಕೊಂಡು ಬಂದ ಅಂಕಲ್ ಒಬ್ಬರು. ಕೆಳದವಡೆಯ ಮೊದಲ ದೊಡ್ಡ ದವಡೆಹಲ್ಲು, ಹಿಂಬದಿಯ ಪಕ್ಕ. ತಣ್ಣೀರು ಕುಡಿದರೆ ನೋವು, ಫ್ಲಾಸ್ ಹಾಕಿದರೆ ಎಳೆ ಎಳೆಯಾಗಿ ಹರಿದು ಬರುತ್ತಿತ್ತು. ಎಕ್ಸ್‌ರೇಯಲ್ಲಿ ಕಾಂಪೋಸಿಟ್ ಕೆಳಗೆ, ವಸಡಿನ ಅಂಚಿನಲ್ಲಿ, ಒಂದು ಕಪ್ಪು ಗೆರೆ. ಬಿಚ್ಚೋಕೆ ಶುರು ಮಾಡಿದರೆ ಮಜಾ ನೋಡಿ, ಮೇಲಿನ ಎನಾಮೆಲ್ ಅಂಚಿನಲ್ಲಿ ಕಾಂಪೋಸಿಟ್ ಒಂಚೂರೂ ಬಿಡಲಿಲ್ಲ, ಬರ್ ಹಾಕಿ ಪುಡಿ ಮಾಡಬೇಕಾಯಿತು. ತಳಕ್ಕೆ ಬಂದಾಗ ಎಕ್ಸ್‌ಕವೇಟರ್ ತುದಿ ತಾಗಿಸಿದ್ದೇ ತಡ, ಒಂದೇ ತುಂಡಾಗಿ ಎದ್ದು ಬಂತು. ಅಡಿಯಲ್ಲಿ ಕಂದು ಬಣ್ಣದ ಮೆತ್ತನೆ ಡೆಂಟಿನ್.

ಅದೇ ಹಲ್ಲು, ಅದೇ ಕಾಂಪೋಸಿಟ್, ಮೇಲೆ ಒಂದು ಥರ ಕೆಳಗೆ ಒಂದು ಥರ. ಆ ತಳದಲ್ಲಿ ಎನಾಮೆಲ್ ತೆಳು, ಕೆಲವೊಮ್ಮೆ ಇರೋದೇ ಇಲ್ಲ. ವಸಡು ಪಕ್ಕದಲ್ಲೇ ಒಸರುತ್ತಿರುತ್ತದೆ. ಅಲ್ಲಿ ದ್ರವ ನಿಂತಿದ್ದರೆ ಬಾಂಡ್‌ನ ರಾಳದಲ್ಲಿ ನೀರಿಗೆ ಒಗ್ಗದ ಭಾಗ ಬೇರ್ಪಟ್ಟು ನಿಲ್ಲುತ್ತದೆ, ನೀರಿನ ಸಣ್ಣ ಸಣ್ಣ ಗುಳ್ಳೆಗಳು ಪದರದಲ್ಲೇ ಸಿಕ್ಕಿಕೊಳ್ಳುತ್ತವೆ, ಲೈಟ್ ಹಿಡಿದರೂ ಪೂರ್ತಿ ಗಟ್ಟಿಯಾಗಲ್ಲ. ಮೊದಲ ದಿನ ಇದು ಯಾರಿಗೂ ಕಾಣಲ್ಲ. ಪಾಲಿಶ್ ಮಾಡಿ ಫೋಟೋ ತೆಗೆದರೆ ಎಲ್ಲ ಫಸ್ಟ್ ಕ್ಲಾಸ್. ರಾಳ ತುಂಬದ ಕೊಲಾಜನ್ನನ್ನು ಡೆಂಟಿನ್‌ನಲ್ಲೇ ಇರೋ ಕಿಣ್ವಗಳು ನಿಧಾನಕ್ಕೆ ತಿನ್ನುತ್ತವೆ, ನೀರು ರಾಳವನ್ನೂ ಒಡೆಯುತ್ತದೆ, ಅಂಚು ಬಾಯಿ ಬಿಡುತ್ತದೆ.

ಅವರಿಗೆ ಡ್ಯಾಮ್ ಹಾಕಿದೆ. "ಏನಮ್ಮಾ, ಬಾಯಿಗೆ ಬಲೂನ್ ಕಟ್ತೀಯಾ?" ಅಂತ ನಕ್ಕರು. ಹಲ್ಲುಗಳ ಸಂದಿಗೆ ಬೆಣೆ ಬಿಗಿಯಾಗಿ ಕೂರಿಸಿ, ಹಲ್ಲಿನ ಕುತ್ತಿಗೆ ಸುತ್ತ ಟೆಫ್ಲಾನ್ ಟೇಪ್ ತುರುಕಿ, ಒಸರು ನಿಂತ ಮೇಲಷ್ಟೇ ಜೆಲ್ ಹಾಕಿದೆ. ತೊಳೆದು ಒಣಗಿಸಿದಾಗ ಎನಾಮೆಲ್ ಅಂಚು ಮಂಜು ಹಿಡಿದ ಗಾಜಿನಂತೆ ಮಬ್ಬು ಬಿಳಿ ಕಾಣಬೇಕು. ಅಲ್ಲೊಂದು ಕಡೆ ಹೊಳೆಯಿತು. ಅವರು ಕೆಮ್ಮಿದಾಗ ಡ್ಯಾಮ್ ಅಂಚಿನಿಂದ ಜೊಲ್ಲು ನುಗ್ಗಿತ್ತು. ಮತ್ತೆ ತೊಳೆದು, ಟೇಪ್ ಒತ್ತಿ, 10 ಸೆಕೆಂಡು ಮತ್ತೆ ಜೆಲ್ ಹಾಕಿದೆ. ಆ ಹಂತದಲ್ಲಿ ಇಷ್ಟೇ ಸಾಕು. ಬಾಂಡ್‌ಗೆ ಲೈಟ್ ಹಿಡಿದ ಮೇಲೆ ಜೊಲ್ಲು ಬಿದ್ದಿದ್ದರೆ ತೊಳೆದು, ಒಣಗಿಸಿ, ಇನ್ನೊಮ್ಮೆ ಬಾಂಡ್ ಹಚ್ಚಿ ಲೈಟ್ ಹಿಡಿಯಬೇಕಿತ್ತು. ರಕ್ತವಾಗಿದ್ದರೆ ನಾನು ರಾಜಿಯಾಗಲ್ಲ, ಮೊದಲಿಂದ ಶುರು.

ದಿನಾ ಮಾಡೋ ಕೆಲಸ ಹೇಳುತ್ತೇನೆ, ನನಗೆ ಇದೇ ಖುಷಿ. ಬೆಳಿಗ್ಗೆ ಬಂದವಳೇ ಬಾಟಲಿಯನ್ನು ಫ್ರಿಜ್‌ನಿಂದ ಹೊರಗಿಡುತ್ತೇನೆ. ತಣ್ಣಗಿದ್ದರೆ ಬಾಂಡ್ ಮಂದ ಇರುತ್ತದೆ, ದ್ರಾವಕ ಬೇಗ ಹಾರಲ್ಲ. ಆಮೇಲೆ ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿ ಬಿಚ್ಚಿ ನೀರು ಬಿಡುತ್ತೇನೆ. ಜುಲೈ ಜಿಟಿಜಿಟಿ ಮಳೆಯಲ್ಲಿ ಎಷ್ಟು ನೀರು ಬರುತ್ತೆ ಅಂತ ಒಮ್ಮೆ ನೋಡಿದರೆ ಅರ್ಥವಾಗುತ್ತದೆ. ಕೊನೆಗೆ ತ್ರೀವೇ ಸಿರಿಂಜ್‌ನ ಗಾಳಿಯನ್ನು ಬಾಯಿಕನ್ನಡಿ ಮೇಲೆ ಊದುತ್ತೇನೆ. ಹನಿ ಕಂಡರೂ ಸರಿ, ಎಣ್ಣೆ ಜಿಡ್ಡು ಕಂಡರೂ ಸರಿ, ಲೈನ್ ಸರಿಮಾಡೋವರೆಗೆ ಕಾಂಪೋಸಿಟ್ ಇಲ್ಲ. ಡ್ಯಾಮ್ ಹಾಕಿ ಜೊಲ್ಲು ತಡೆದು, ನಾವೇ ಗಾಳಿಯಲ್ಲಿ ನೀರು ಊದಿದರೆ ಏನು ಲಾಭ, ಅಲ್ವಾ?

ಬಾಂಡನ್ನು ಹಚ್ಚೋ ಹೊತ್ತಿಗೇ ಒಂದು ಹನಿ ಹಾಕಿಕೊಳ್ಳಿ. ಮೊದಲೇ ಹಾಕಿಟ್ಟರೆ ಎಥನಾಲ್ ಹಾರಿಹೋಗುತ್ತದೆ. ಬ್ರಷ್ಷಿನಿಂದ 20 ಸೆಕೆಂಡು ತಿಕ್ಕಬೇಕು, ಬಳಿದು ಬಿಡೋದಲ್ಲ. ಆಮೇಲೆ ಮೆಲ್ಲಗೆ ಗಾಳಿ. ಪದರದಲ್ಲಿ ಅಲೆ ಏಳೋದು ನಿಲ್ಲೋವರೆಗೆ ಊದಬೇಕು, ಅಲೆ ಇದೆ ಅಂದರೆ ದ್ರಾವಕ ಇನ್ನೂ ಇದೆ. ಲೈಟ್ ಹಿಡಿದ ಮೇಲೆ ಎಲ್ಲ ಕಡೆ ಒಂದೇ ಸಮ ಹೊಳಪು ಕಾಣಬೇಕು.

ಖರ್ಚಿನ ಲೆಕ್ಕದಲ್ಲಿ ನಮ್ಮಂಥ ಒಂದೇ ಚೇರಿನ ಕ್ಲಿನಿಕ್ಕಿಗೆ ಈ ಬಾಟಲಿ ದುಬಾರಿಯೇ. ಡ್ಯಾಮ್ ಹಾಳೆ ಅದರ ಮುಂದೆ ಏನೇನೂ ಅಲ್ಲ. ಎರಡಕ್ಕೂ ದುಡ್ಡಿಲ್ಲ ಅಂದರೆ ನಾನು ಅಗ್ಗದ ಬಾಂಡ್ ತಗೊಂಡು ಡ್ಯಾಮ್ ಉಳಿಸಿಕೊಳ್ಳುತ್ತೇನೆ. ಡ್ಯಾಮ್ ನಿಲ್ಲದಷ್ಟು ವಸಡಿನ ಕೆಳಗೆ ಕುಳಿ ಇದ್ದರೆ ಕಾಂಪೋಸಿಟ್ ಆಸೆ ಬಿಟ್ಟು, ತಳಕ್ಕೆ ಗ್ಲಾಸ್ ಅಯಾನೊಮರ್ ಹಾಕುತ್ತೇನೆ.

ಇನ್ನೊಂದು ಸಣ್ಣ ಕಿರಿಕಿರಿ. ಬಾಟಲಿ ಮೂತಿಯಲ್ಲಿ ಹನಿ ಒಣಗಿ ಮುಚ್ಚಳ ಸರಿ ಕೂರಲ್ಲ, ಕೊನೆಕೊನೆಗೆ ದ್ರವ ಮಂದವಾಗುತ್ತದೆ. ಹಾಗಾಗಿ ಮುಂದಿನ ಸಲವೂ ಇದೇ ಬಾಂಡ್, ಆದರೆ ಸಣ್ಣ ಬಾಟಲಿ ತರಿಸುತ್ತೇನೆ.