ಮೂರು ವರ್ಷ ವೂಕಾಮರ್ಸ್ ಬಳಸಿದ ಮೇಲೆ: ವರ್ಗಗಳ ಲೆಕ್ಕ ಕೂಡಿಸಬೇಡಿ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಆನ್‌ಲೈನ್ ಅಂಗಡಿ. ಚಟ್ನಿಪುಡಿ, ಖಡಕ್ ರೊಟ್ಟಿ, ಶಿರಸಿ ಕಡೆಯ ಹಲಸಿನ ಹಪ್ಪಳ, ಮೈಸೂರಿನಿಂದ ಅತ್ತಿಗೆ ಕಳಿಸುವ ಪುಳಿಯೋಗರೆ ಗೊಜ್ಜು ಮಾರುತ್ತೇವೆ. ಮೂರು ವರ್ಷದಿಂದ ವೂಕಾಮರ್ಸ್‌ನಲ್ಲೇ ನಡೆಸುತ್ತಿದ್ದೇವೆ. ಆರ್ಡರ್ ತಗೊಳ್ಳೋದು, ಸ್ಟಾಕ್ ನೋಡೋದು, ಕೂಪನ್ ಕೊಡೋದು, ಇದೆಲ್ಲ ಹೇಗಿದೆ ಅಂತ ಬರೆದವರು ಬಹಳ ಜನ ಇದ್ದಾರೆ. ನಾನು ಬರೆಯುವುದು ಅದರ ಒಂದೇ ಒಂದು ವರದಿಯ ಬಗ್ಗೆ. `Analytics` ಒಳಗಿನ `Categories`. ನನ್ನನ್ನು ಜಾಸ್ತಿ ಮೂರ್ಖಳನ್ನಾಗಿ ಮಾಡಿದ್ದು ಅದೇ. ತಪ್ಪು ಅದರದ್ದಲ್ಲ, ನನ್ನದು.

ಹೋದ ವರ್ಷದ ಅಕ್ಟೋಬರ್ ಮುಗಿದಾಗ ಆ ವರದಿಯನ್ನು ಸಿಎಸ್‌ವಿಯಾಗಿ ಇಳಿಸಿಕೊಂಡು, ಶೀಟಿನಲ್ಲಿ ಕೂಡಿಸಿ, ಭಾವನಿಗೆ ಕಳಿಸಿದೆ. ನಮ್ಮ ಲೆಕ್ಕಪತ್ರ ನೋಡುವವರು ಅವರು. ಅರ್ಧ ಗಂಟೆಯಲ್ಲಿ ಫೋನ್ ಬಂತು. "ಅಲ್ಲವ್ವಾ, ವ್ಯಾಪಾರ 2,36,500 ಅಂತ ಬರ್ದೀಯಲ್ಲ, ಬ್ಯಾಂಕಿನಾಗ ಅದರ ಅರ್ಧಾನೂ ಬಂದಿಲ್ಲ. ಉಳಿದ ರೊಕ್ಕ ಎಲ್ಲಿ ಐತಿ?"

ರೊಕ್ಕ ಎಲ್ಲೂ ಹೋಗಿರಲಿಲ್ಲ. ಇರಲೇ ಇಲ್ಲ. ಆ ತಿಂಗಳ ನಿಜವಾದ ವ್ಯಾಪಾರ 1,11,000 ರೂಪಾಯಿ.

ಲೆಕ್ಕ ಬಿಡಿಸಿ ಹೇಳುತ್ತೇನೆ. ಆ ತಿಂಗಳು ಮಾರಿದ್ದು ಐದೇ ಸಾಮಾನು. ಶೇಂಗಾ ಚಟ್ನಿಪುಡಿ 41,200, ಅಗಸೆ ಚಟ್ನಿಪುಡಿ 9,600, ಹಲಸಿನ ಹಪ್ಪಳ 18,400, ಪುಳಿಯೋಗರೆ ಗೊಜ್ಜು 27,300, ಖಡಕ್ ರೊಟ್ಟಿ 14,500. ಕೂಡಿಸಿದರೆ 1,11,000. ಇಲ್ಲಿವರೆಗೂ ಎಲ್ಲ ಸರಿ.

ಆದರೆ ಅಂಗಡಿಯಲ್ಲಿ ವರ್ಗಗಳು ಆರು. ಚಟ್ನಿಪುಡಿ, ಹಪ್ಪಳ, ಗೊಜ್ಜು, ರೊಟ್ಟಿ ಎಂಬ ನಾಲ್ಕು ಮೊದಲಿಂದ ಇದ್ದವು. ಆಮೇಲೆ ಗಿರಾಕಿಗಳಿಗೆ ಹುಡುಕಲು ಸುಲಭ ಆಗಲಿ ಅಂತ 'ಉತ್ತರ ಕರ್ನಾಟಕ' ಮತ್ತು 'ಬೆಳ್ಳುಳ್ಳಿ ಇಲ್ಲದ್ದು' ಎಂಬ ಇನ್ನೆರಡು ಸೇರಿಸಿದೆ. ಎರಡು ಚಟ್ನಿಪುಡಿ ಮತ್ತು ರೊಟ್ಟಿಗೆ 'ಉತ್ತರ ಕರ್ನಾಟಕ' ಅಂತ ಟಿಕ್ ಹಾಕಿದೆ. ಹಪ್ಪಳ, ಗೊಜ್ಜು, ರೊಟ್ಟಿಗೆ 'ಬೆಳ್ಳುಳ್ಳಿ ಇಲ್ಲದ್ದು' ಅಂತ ಹಾಕಿದೆ. ಹೀಗಾಗಿ ರೊಟ್ಟಿಗೆ ಮೂರು ಟಿಕ್, ಉಳಿದ ಎಲ್ಲಕ್ಕೂ ಎರಡೆರಡು.

ವರದಿ ಮಾಡುವುದು ಇಷ್ಟೇ. ಒಂದೊಂದು ವರ್ಗವನ್ನೂ ಬೇರೆಯಾಗಿ ತಗೊಂಡು, ಅದರಲ್ಲಿ ಟಿಕ್ ಆದ ಸಾಮಾನು ಎಷ್ಟು ಮಾರಿತು ಅಂತ ತೋರಿಸುತ್ತದೆ. ಚಟ್ನಿಪುಡಿ 50,800. ಉತ್ತರ ಕರ್ನಾಟಕ 65,300. ಬೆಳ್ಳುಳ್ಳಿ ಇಲ್ಲದ್ದು 60,200. ಹಪ್ಪಳ, ಗೊಜ್ಜು, ರೊಟ್ಟಿ ಅವವೇ ಅಂಕಿ. ಪ್ರತಿ ಸಾಲೂ ನಿಜ. ಉತ್ತರ ಕರ್ನಾಟಕದ ತಿಂಡಿ ಎಷ್ಟು ಹೋಯ್ತು ಅಂತ ಕೇಳಿದರೆ 65,300 ಎನ್ನುವುದೇ ಸರಿಯಾದ ಉತ್ತರ. ಆದರೆ ರೊಟ್ಟಿಯ 14,500 ಮೂರು ಸಾಲಿನಲ್ಲಿ ಕೂತಿದೆ. ನಾನು ಆರೂ ಸಾಲು ಕೂಡಿಸಿದಾಗ ಒಂದೇ ರೊಟ್ಟಿ ಮೂರು ಸಲ ಮಾರಿದಂತಾಯಿತು. ಮೊತ್ತ 2,36,500.

ತಮಾಷೆ ಅಂದರೆ, ಅದೇ ವರದಿಯ ಪರದೆಯಲ್ಲಿ ಮೇಲ್ಗಡೆ ಕಾಣುವ `Net sales` ಎರಡೆರಡು ಸಲ ಎಣಿಸಿದ್ದಲ್ಲ. ಅಲ್ಲಿ 1,11,000 ಅಂತಲೇ ಇತ್ತು. ನಾನು ನೋಡಲಿಲ್ಲ. ಸಿಎಸ್‌ವಿ ಇಳಿಸಿಕೊಂಡವರಿಗೆ ಬರುವುದು ಕೆಳಗಿನ ಸಾಲುಗಳು ಮಾತ್ರ, ಕೂಡಿಸುವ ಕೈ ನಮ್ಮದು. (`Total sales` ಜೊತೆ ಹೋಲಿಸಬೇಡಿ. ಅದರಲ್ಲಿ ತೆರಿಗೆ ಮತ್ತು ಕೊರಿಯರ್ ದುಡ್ಡೂ ಸೇರಿರುತ್ತದೆ, ಆಗ ಇನ್ನೊಂದು ಗೊಂದಲ ಶುರು.)

ಮೊತ್ತ ತಪ್ಪಾದರೆ ಭಾವ ಹಿಡಿಯುತ್ತಾರೆ. ಹಿಡಿಯಲು ಆಗದ್ದು ಶೇಕಡಾವಾರು. ಅದಕ್ಕೂ ಮುಂಚಿನ ಕೆಲವು ತಿಂಗಳು ನಾನು ಇದೇ ಸಾಲುಗಳಿಂದ ದುಂಡನೆಯ ಚಾರ್ಟ್ ಮಾಡಿ ನೋಡುತ್ತಿದ್ದೆ. ಅಂಥ ಚಾರ್ಟು ತನಗೆ ಕೊಟ್ಟಿದ್ದನ್ನೆಲ್ಲ ಕೂಡಿಸಿ ಅದೇ ನೂರು ಅಂತ ತಿಳಿದುಕೊಳ್ಳುತ್ತದೆ. ಅಕ್ಟೋಬರ್ ಅಂಕಿಗಳನ್ನೇ ಹಾಕಿದರೆ ಉತ್ತರ ಕರ್ನಾಟಕದ ಪಾಲು ಶೇ. 27.6 ಬರುತ್ತದೆ. ನಿಜವಾದ ವ್ಯಾಪಾರದಿಂದ ಭಾಗಿಸಿದರೆ ಶೇ. 58.8. ಮೊತ್ತ ಉಬ್ಬಿದಷ್ಟೂ ಎಲ್ಲರ ಪಾಲೂ ಕುಗ್ಗಿ ಕಾಣುತ್ತದೆ. ಚಾರ್ಟು ಮಾತ್ರ ನೋಡಲು ಬಹಳ ಚೆನ್ನಾಗಿರುತ್ತದೆ, ಎಲ್ಲೂ ಅನುಮಾನ ಬರುವುದಿಲ್ಲ. ನಮ್ಮ ಕಡೆಯ ತಿಂಡಿ ಕಾಲು ಭಾಗ ಅಷ್ಟೇ ಹೋಗುತ್ತದೆ ಅಂದುಕೊಂಡು ಮುಖಪುಟದಿಂದ ರೊಟ್ಟಿ-ಚಟ್ನಿಯ ಫೋಟೋ ತೆಗೆದು ಗೊಜ್ಜಿನ ಫೋಟೋ ಹಾಕಿದ್ದೆ. ಅಂಗಡಿಯ ಅರ್ಧಕ್ಕಿಂತ ಹೆಚ್ಚು ವ್ಯಾಪಾರವನ್ನು ನಾನೇ ಮೂಲೆಗೆ ತಳ್ಳಿದ್ದೆ.

ಇನ್ನೊಂದು ಸಂಗತಿ ತಿಳಿಯಲು ನನಗೆ ಎರಡನೇ ವರ್ಷ ಬೇಕಾಯಿತು. ಹೊಸದಾಗಿ ಬಳಸುವವರು ಇದನ್ನು ಗಮನಿಸುವುದು ಕಷ್ಟ. ವೂಕಾಮರ್ಸ್ ಆರ್ಡರಿನ ಜೊತೆ ವರ್ಗವನ್ನು ಬರೆದಿಡುವುದಿಲ್ಲ. ಯಾವ ಸಾಮಾನು, ಎಷ್ಟು, ಎಷ್ಟಕ್ಕೆ ಅಂತ ಬರೆದಿಡುತ್ತದೆ. ವರ್ಗ ಯಾವುದು ಅಂತ ವರದಿ ತೆಗೆಯುವ ಹೊತ್ತಿಗೆ ಸಾಮಾನಿಗೆ ಇರುವ ಟಿಕ್ ನೋಡಿ ಹೇಳುತ್ತದೆ. ಅಂದರೆ ಇವತ್ತು ಟಿಕ್ ಬದಲಿಸಿದರೆ ಹಿಂದಿನ ತಿಂಗಳುಗಳ ವರದಿಯೂ ಬದಲಾಗುತ್ತದೆ. 'ಬೆಳ್ಳುಳ್ಳಿ ಇಲ್ಲದ್ದು' ವರ್ಗವನ್ನು ಒಮ್ಮೆ ತೆಗೆದು ನೋಡಿದೆ. ಅದೇ ಅಕ್ಟೋಬರಿನ ಸಾಲುಗಳ ಮೊತ್ತ 2,36,500ರಿಂದ 1,76,300ಕ್ಕೆ ಇಳಿಯಿತು. ಒಂದು ಪೊಟ್ಟಣವೂ ಹೆಚ್ಚುಕಡಿಮೆ ಮಾರಿಲ್ಲ, ತಿಂಗಳು ಮುಗಿದು ಎಷ್ಟೋ ದಿನ ಆಗಿದೆ. ಹಾಗಾಗಿ ಹೋದ ದೀಪಾವಳಿಗೂ ಈ ದೀಪಾವಳಿಗೂ ವರ್ಗದ ಪ್ರಕಾರ ಹೋಲಿಸಬೇಕಾದರೆ ಎರಡನ್ನೂ ಒಂದೇ ದಿನ ಇಳಿಸಿಕೊಳ್ಳಿ. ಹಳೆಯ ಫೈಲು ಒಂದು ಕಡೆ, ಹೊಸ ಫೈಲು ಒಂದು ಕಡೆ ಇಟ್ಟು ಹೋಲಿಸಿದರೆ ವ್ಯಾಪಾರದ ಏರಿಳಿತ ಯಾವುದು, ಟಿಕ್ಕಿನ ಏರಿಳಿತ ಯಾವುದು ಅಂತ ಗೊತ್ತೇ ಆಗಲ್ಲ.

ನಿಮ್ಮ ಅಂಗಡಿಯಲ್ಲಿ ಎಷ್ಟು ಸಾಮಾನು ಹೀಗಿದೆ ಅಂತ ನೋಡಬೇಕಾ? ಡೇಟಾಬೇಸ್ ತೆರೆಯಲು ಬರುವವರು ಇದನ್ನು ಓಡಿಸಿ. ಬರೀ ಓದುತ್ತದೆ, ಏನನ್ನೂ ಬದಲಿಸುವುದಿಲ್ಲ. ಟೇಬಲ್ ಹೆಸರಿನ ಮುಂದಿನ `wp_` ನಿಮ್ಮಲ್ಲಿ ಬೇರೆ ಇದ್ದರೆ ಅದನ್ನು ಹಾಕಿ.

```sql
SELECT r.object_id, COUNT(*) AS cats
FROM wp_term_relationships r
JOIN wp_term_taxonomy t
  ON t.term_taxonomy_id = r.term_taxonomy_id
WHERE t.taxonomy = 'product_cat'
GROUP BY r.object_id
HAVING cats > 1;
```

ಒಂದಕ್ಕಿಂತ ಹೆಚ್ಚು ವರ್ಗ ಇರುವ ಸಾಮಾನಿನ ಐಡಿಗಳು ಬರುತ್ತವೆ. ನಮ್ಮಲ್ಲಿ ಐದಕ್ಕೆ ಐದೂ ಬಂದವು.

ಮೊದಲು ನಾನು ಯೋಚಿಸಿದ್ದು, ಹೆಚ್ಚಿನ ಟಿಕ್ಕೆಲ್ಲ ತೆಗೆದುಬಿಡೋಣ ಅಂತ. ಅದು ಪೂರ್ತಿ ಆಗುವ ಕೆಲಸ ಅಲ್ಲ. ಗಿರಾಕಿಗೆ ಆ ವರ್ಗಗಳು ಬೇಕು. ಉಪವಾಸ, ವ್ರತ ಇರುವ ಮನೆಯವರು ಬೆಳ್ಳುಳ್ಳಿ ಇಲ್ಲದ್ದನ್ನೇ ಹುಡುಕಿಕೊಂಡು ಬರುತ್ತಾರೆ. ಅದನ್ನೇನೋ ವರ್ಗದಿಂದ ತೆಗೆದು ಟ್ಯಾಗ್ ಮಾಡಿದೆ, ಮೆನುವಿನಲ್ಲಿ ಟ್ಯಾಗಿನ ಪುಟಕ್ಕೇ ಲಿಂಕ್ ಕೊಟ್ಟೆ, ಯಾರೂ ದೂರಲಿಲ್ಲ. ಆದರೆ 'ಉತ್ತರ ಕರ್ನಾಟಕ'ವನ್ನು ಹಾಗೆ ಮಾಡಲು ಆಗಲಿಲ್ಲ. ಸಂಕ್ರಾಂತಿಗೆ ಅದರ ಮೇಲೆ ಕೂಪನ್ ಕೊಡುತ್ತೇವೆ, ಮತ್ತು ವೂಕಾಮರ್ಸ್‌ನ ಮೂಲ ಕೂಪನ್ನಿಗೆ ವರ್ಗದ ಕಟ್ಟು ಹಾಕಬಹುದು, ಟ್ಯಾಗಿನದ್ದು ಹಾಕಲು ಬರುವುದಿಲ್ಲ. ಹೀಗಾಗಿ ಅದು ವರ್ಗವಾಗಿಯೇ ಉಳಿಯಿತು.

ಆಗ ತಲೆಗೆ ಹೊಳೆದದ್ದು ಜಿಎಸ್‌ಟಿ ರಿಟರ್ನ್. ಭಾವ ಅದರಲ್ಲಿ ಎಚ್‌ಎಸ್‌ಎನ್ ಪ್ರಕಾರ ಮೊತ್ತ ತುಂಬುತ್ತಾರೆ. ಅಲ್ಲಿ ಯಾವತ್ತೂ ಈ ತಕರಾರು ಬಂದಿಲ್ಲ. ಯಾಕೆಂದರೆ ಒಂದು ಸಾಮಾನಿಗೆ ಒಂದೇ ಎಚ್‌ಎಸ್‌ಎನ್. ನಮಗೂ ಬೇಕಾಗಿದ್ದು ಅಂಥದ್ದೇ, ಒಂದು ಸಾಮಾನಿಗೆ ಒಂದೇ ಆಗಿರುವ ಗುರುತು. ವೂಕಾಮರ್ಸ್‌ನ ಮೂಲದಲ್ಲಿ 'ಮುಖ್ಯ ವರ್ಗ' ಎನ್ನುವ ಜಾಗ ಇಲ್ಲ. ಕೆಲವು ಎಸ್‌ಇಒ ಪ್ಲಗಿನ್‌ಗಳಲ್ಲಿ ಇದೆ, ಆದರೆ ನಮ್ಮ ಈ ವರದಿ ಅದನ್ನು ಓದುವುದಿಲ್ಲ. ಎಸ್‌ಕೆಯು ಮಾತ್ರ ಹೇಗೂ ಒಂದು ಸಾಮಾನಿಗೆ ಒಂದೇ. ಅದಕ್ಕೆ ಎಲ್ಲ ಎಸ್‌ಕೆಯುಗಳ ಮುಂದೆ ಎರಡಕ್ಷರ ಹಚ್ಚಿದೆ. ಚಟ್ನಿಪುಡಿಗೆ `CP-`, ಹಪ್ಪಳಕ್ಕೆ `HP-`, ಗೊಜ್ಜಿಗೆ `GJ-`, ರೊಟ್ಟಿಗೆ `RT-`.

ಈಗ ತಿಂಗಳ ಕೊನೆಗೆ `Categories` ಬಿಟ್ಟು `Products` ವರದಿ ಇಳಿಸುತ್ತೇನೆ. ಅದರಲ್ಲಿ ಒಂದು ಸಾಮಾನಿಗೆ ಒಂದೇ ಸಾಲು, ಎಸ್‌ಕೆಯುವೂ ಇರುತ್ತದೆ. ಎಸ್‌ಕೆಯು `B` ಕಾಲಮ್ಮಿನಲ್ಲಿ, `Net sales` `D`ಯಲ್ಲಿ ಇದ್ದರೆ ಸೂತ್ರ ಹೀಗೆ:

```
=SUMIF(B:B,"CP-*",D:D)
```

ನಾಲ್ಕು ಗುಂಪಿಗೆ ನಾಲ್ಕು ಸೂತ್ರ. ಅಕ್ಟೋಬರಿಗೆ 50,800, 18,400, 27,300, 14,500. ಕೂಡಿಸಿದರೆ ಸರಿಯಾಗಿ 1,11,000. ಪಕ್ಕದಲ್ಲೊಂದು ಕಾಲಮ್ಮಿನಲ್ಲಿ ಇಡೀ `D` ಮೊತ್ತವನ್ನೂ ಹಾಕಿಡುತ್ತೇನೆ. ಎರಡೂ ಒಂದೇ ಬರದಿದ್ದರೆ ಯಾವುದೋ ಹೊಸ ಸಾಮಾನಿಗೆ ಎರಡಕ್ಷರ ಹಚ್ಚಲು ಮರೆತಿದ್ದೇನೆ ಅಂತಲೇ ಅರ್ಥ. ಈ ಮಾರ್ಚಿನಲ್ಲಿ ಹೊಸ ಸಂಡಿಗೆ ಹಾಗೇ ಸಿಕ್ಕಿಬಿತ್ತು. ಉತ್ತರ ಕರ್ನಾಟಕದ ಅಂಕಿ ಬೇಕಾದಾಗ `Categories` ನೋಡುತ್ತೇನೆ, ಆ ಒಂದು ಸಾಲು ಮಾತ್ರ, ಮತ್ತು ಆ ತಿಂಗಳ ನಿಜವಾದ ವ್ಯಾಪಾರದಿಂದ ಭಾಗಿಸುತ್ತೇನೆ.

ಇಷ್ಟು ಮಾಡಿದರೂ ಕೂಡದ ಒಂದು ಕಾಲಮ್ ಇದೆ, `Orders`. ಒಬ್ಬರು ಒಂದೇ ಆರ್ಡರಿನಲ್ಲಿ ಚಟ್ನಿಪುಡಿ ಮತ್ತು ರೊಟ್ಟಿ ತಗೊಂಡರು ಅನ್ನಿ. ದುಡ್ಡು ಹಂಚಿಕೊಳ್ಳುತ್ತದೆ, ಚಟ್ನಿಪುಡಿಯದ್ದು ಅಲ್ಲಿ, ರೊಟ್ಟಿಯದ್ದು ಇಲ್ಲಿ. ಆದರೆ ಆರ್ಡರ್ ಹಂಚಿಕೊಳ್ಳುವುದಿಲ್ಲ. ಎರಡೂ ಗುಂಪಿನಲ್ಲಿ ಒಂದೊಂದು ಅಂತ ಎಣಿಕೆಯಾಗುತ್ತದೆ. ಪ್ರತಿ ಸಾಮಾನಿಗೆ ಒಂದೇ ವರ್ಗ ಇದ್ದರೂ ಇದು ತಪ್ಪುವುದಿಲ್ಲ. ಇದನ್ನು ಸರಿ ಮಾಡಲು ನಾನು ಒಂದಿಡೀ ಭಾನುವಾರ ಕಳೆದೆ. ಸರಿ ಮಾಡುವಂಥದ್ದು ಅಲ್ಲಿ ಏನೂ ಇಲ್ಲ. ಒಟ್ಟು ಆರ್ಡರ್ ಎಷ್ಟು ಅಂತ ಬೇಕಿದ್ದರೆ `Orders` ವರದಿಯಿಂದಲೇ ತಗೊಳ್ಳಬೇಕು, ಕೂಡಿಸಿ ಬರುವುದಿಲ್ಲ.

ನನ್ನ ಅಂಕ 5ಕ್ಕೆ 4. ಹೋದ ಒಂದು ಅಂಕ 'ಮುಖ್ಯ ವರ್ಗ'ದ ಜಾಗ ಇಲ್ಲದ್ದಕ್ಕೆ. ಐದೇ ಸಾಮಾನಿನ ಅಂಗಡಿಗೆ ಎಸ್‌ಕೆಯು ಉಪಾಯ ಸಾಕು, ಐನೂರು ಸಾಮಾನಿದ್ದವರು ಎರಡಕ್ಷರ ಹಚ್ಚುತ್ತಾ ಕೂರುವುದು ಕಷ್ಟ. ಮುಖಪುಟಕ್ಕೆ ರೊಟ್ಟಿ-ಚಟ್ನಿಯ ಫೋಟೋ ವಾಪಸ್ ಬಂದಿದೆ. ಗೊಜ್ಜಿನದ್ದು ಅದರ ಕೆಳಗಿದೆ, ಅತ್ತಿಗೆಗೆ ಇನ್ನೂ ಗೊತ್ತಾಗಿಲ್ಲ.